ಹೊಟ್ಟೆಯಲ್ಲಿರುವ ಮರಿ ಒಂದೋ ಎರಡೋ: ಕುರಿ–ಮೇಕೆಗಳ ಗಬ್ಬ ಪರೀಕ್ಷೆ ಮತ್ತು ಕೊನೆಯ ತಿಂಗಳ ಮೇವು

(ಕುರಿ ಮತ್ತು ಮೇಕೆ ಸಾಕಣೆದಾರರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಗಬ್ಬ ಪರೀಕ್ಷೆ ಎಂದ ಕೂಡಲೇ ನಮ್ಮಲ್ಲಿ ಬರುವ ಪ್ರಶ್ನೆ ಒಂದೇ: ಕುರಿ ಗಬ್ಬವಾಗಿದೆಯೇ, ಇಲ್ಲವೇ? ಹಸು–ಎಮ್ಮೆಗಳಲ್ಲಿ ಈ ಪ್ರಶ್ನೆ ಬಹುಮಟ್ಟಿಗೆ ಸಾಕು, ಏಕೆಂದರೆ ಅವು ಸಾಮಾನ್ಯವಾಗಿ ಒಂದೇ ಕರು ಹಾಕುತ್ತವೆ. ಕುರಿ–ಮೇಕೆಗಳಲ್ಲಿ ಅದು ಅರ್ಧ ಪ್ರಶ್ನೆ ಮಾತ್ರ. ಹೊಟ್ಟೆಯಲ್ಲಿ ಎಷ್ಟು ಮರಿಗಳಿವೆ ಮತ್ತು ಅವು ಯಾವ ವಾರದಲ್ಲಿ ಹುಟ್ಟುತ್ತವೆ ಎಂಬುದು ಉಳಿದರ್ಧ, ಮತ್ತು ಕೊನೆಯ ತಿಂಗಳಲ್ಲಿ ಗೋದಲಿಗೆ ಎಷ್ಟು ಕೈತಿಂಡಿ ಬೀಳಬೇಕೆಂಬುದನ್ನು ನಿರ್ಧರಿಸುವುದು ಈ ಉಳಿದರ್ಧವೇ. ಹಾಗಾಗಿ ಪರೀಕ್ಷೆಯನ್ನೂ ಮೇವನ್ನೂ ಎರಡು ಬೇರೆ ವಿಷಯಗಳಾಗಿ ಹೇಳದೆ, ಒಂದರಿಂದ ಇನ್ನೊಂದಕ್ಕೆ ಹೋಗುವ ಹಾಗೆ ಇಲ್ಲಿ ವಿವರಿಸುತ್ತೇನೆ.

ನಮ್ಮ ರಾಜ್ಯದ ಮಟ್ಟಿಗೆ ಈ ವಿಷಯಕ್ಕೆ ಈಚೆಗೆ ಬಂದಿರುವ ತೂಕಕ್ಕೆ ಒಂದು ಕಾರಣವಿದೆ. ಡೆಕ್ಕನಿ, ಬಳ್ಳಾರಿ, ಕೆಂಗುರಿ ಮುಂತಾದ ನಮ್ಮ ಕುರಿಗಳು ಹೆಚ್ಚಾಗಿ ಒಂದೊಂದೇ ಮರಿ ಹಾಕುವಂಥವು. ಅವಳಿ ಹುಟ್ಟುವುದು ಅಪರೂಪ. ಆದರೆ ಮಹಾರಾಷ್ಟ್ರದ ಫಲಟಣದಲ್ಲಿರುವ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಬಂಗಾಳದ ಸುಂದರಬನ ಪ್ರದೇಶದ ಗರೋಲ್ ಕುರಿಯಲ್ಲಿದ್ದ ಅವಳಿ ಮರಿಯ ಜೀನನ್ನು ಡೆಕ್ಕನಿ ಕುರಿಗೆ ತಂದು ನಾರಿ ಸುವರ್ಣ ಎಂಬ ತಳಿಯನ್ನು ಬೆಳೆಸಿದ ಮೇಲೆ, ಕರ್ನಾಟಕದ ಅನೇಕ ಸಾಕಣೆದಾರರೂ ಆ ತಳಿಯ ಟಗರು ಮತ್ತು ಕುರಿಗಳನ್ನು ತಂದಿದ್ದಾರೆ. ಮೇಕೆಗಳಲ್ಲಂತೂ, ಉಸ್ಮಾನಾಬಾದಿ ಇರಲಿ ಮಲಬಾರಿ ಇರಲಿ, ಅವಳಿ ಮೊದಲಿನಿಂದಲೂ ಸಾಮಾನ್ಯ. ಮರಿಗಳ ಸಂಖ್ಯೆ ಹೆಚ್ಚಿತು, ಆದರೆ ತಾಯಿಗೆ ಹಾಕುವ ಮೇವಿನ ಲೆಕ್ಕ ಒಂದು ಮರಿಯ ಕಾಲದ್ದೇ ಆಗಿ ಉಳಿಯಿತು. ನಷ್ಟವಾಗುತ್ತಿರುವುದು ಅಲ್ಲಿ.

ಮೊದಲು ಪರೀಕ್ಷೆಯ ವಿಷಯ. ಬಹುತೇಕರು ನಂಬುವುದು ಬೆದೆ ಮರುಕಳಿಸದಿರುವುದನ್ನು. ಕುರಿಗೆ ಸುಮಾರು 17 ದಿನಕ್ಕೊಮ್ಮೆ, ಮೇಕೆಗೆ 21 ದಿನಕ್ಕೊಮ್ಮೆ ಬೆದೆ ಬರುತ್ತದೆ. ಟಗರು ಅಥವಾ ಹೋತ ಹಾರಿದ ಮೇಲೆ ಆ ಅವಧಿಗೆ ಮತ್ತೆ ಬೆದೆ ಬರದಿದ್ದರೆ ಗಬ್ಬ ನಿಂತಿದೆ ಎಂದು ತಿಳಿಯುತ್ತಾರೆ. ಇದು ಸೂಚನೆಯೇ ಹೊರತು ಸಾಕ್ಷಿಯಲ್ಲ. ಕುರಿಯ ಬೆದೆ ಹೊರಗೆ ಕಾಣುವಂಥದ್ದಲ್ಲ, ಟಗರಿಗೆ ಮಾತ್ರ ಗೊತ್ತಾಗುತ್ತದೆ. ಮೇವಿನ ಕೊರತೆಯಿಂದ ಸೊರಗಿದ ಪ್ರಾಣಿಗೂ ಬೆದೆ ನಿಂತುಹೋಗಬಹುದು. ಹೊಟ್ಟೆ ಮುಟ್ಟಿ ನೋಡುವ ಇನ್ನೊಂದು ವಿಧಾನವೂ ಇದೆ: ರಾತ್ರಿ ಮೇವು ಹಾಕದೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಪ್ರಾಣಿಯ ಹಿಂದೆ ನಿಂತು, ಎರಡೂ ಕೈಗಳನ್ನು ಕೆಚ್ಚಲಿನ ಮುಂದೆ ಹೊಟ್ಟೆಯ ಕೆಳಗೆ ಕೊಟ್ಟು ಮೆಲ್ಲಗೆ ಮೇಲೆತ್ತಿ ಬಿಟ್ಟರೆ, ಒಳಗೆ ಗಟ್ಟಿಯಾದದ್ದೊಂದು ಅಂಗೈಗೆ ಬಂದು ತಾಕುತ್ತದೆ. ಆದರೆ ಅದು ತಾಕುವುದು 100–110 ದಿನಗಳ ನಂತರ, ಒಂದೋ ಎರಡೋ ಎಂಬುದು ಆಗಲೂ ತಿಳಿಯುವುದಿಲ್ಲ, ಕೊಬ್ಬಿದ ಕುರಿಯಲ್ಲಿ ಅದೂ ತಪ್ಪಬಹುದು. ರಕ್ತ ಅಥವಾ ಹಾಲಿನಲ್ಲಿ ಪ್ರೊಜೆಸ್ಟರೋನ್ ನೋಡುವ ಪರೀಕ್ಷೆ ಗಬ್ಬವಿಲ್ಲ ಎಂದು ಹೇಳಿದರೆ ನಂಬಬಹುದು. ಇದೆ ಎಂದು ಹೇಳಿದರೆ ಅಷ್ಟು ನಂಬುವ ಹಾಗಿಲ್ಲ, ಏಕೆಂದರೆ ಗಬ್ಬವಿಲ್ಲದೆಯೂ ಆ ಹಾರ್ಮೋನು ಹೆಚ್ಚಿರುವ ಸಂದರ್ಭಗಳಿವೆ.

ಸ್ಕ್ಯಾನಿಂಗ್ ಒಂದೇ ಮೂರು ಪ್ರಶ್ನೆಗಳಿಗೂ ಉತ್ತರ ಕೊಡುವ ವಿಧಾನ. ಪಶುವೈದ್ಯರು ಅದನ್ನು ಮಾಡುವಾಗ ಏನು ನೋಡುತ್ತಾರೆ ಎಂಬುದು ಸಾಕಣೆದಾರರಿಗೂ ತಿಳಿದಿರುವುದು ಒಳ್ಳೆಯದು. ಕುರಿಯನ್ನು ನಿಂತಂತೆಯೇ ಹಿಡಿದು, ಬಲಗಡೆಯಿಂದ, ಕೆಚ್ಚಲಿನ ಪಕ್ಕದಲ್ಲಿ ತೊಡೆಯ ಸಂದಿನಲ್ಲಿ ಕೂದಲಿಲ್ಲದ ಚರ್ಮಕ್ಕೆ ಜೆಲ್ ಹಚ್ಚಿ, ಪ್ರೋಬನ್ನು ಒತ್ತಿ ಒಳಮುಖವಾಗಿ ತಿರುಗಿಸಲಾಗುತ್ತದೆ. ಬಲಗಡೆಯೇ ಏಕೆಂದರೆ ಎಡಗಡೆಯನ್ನು ದೊಡ್ಡ ಹೊಟ್ಟೆ ತುಂಬಿಕೊಂಡು ಗರ್ಭಕೋಶವನ್ನು ಬಲಕ್ಕೆ ತಳ್ಳಿರುತ್ತದೆ. ಪರದೆಯ ಮೇಲೆ ನೀರು ಕಪ್ಪಾಗಿ, ಮೂಳೆ ಬೆಳ್ಳಗೆ ಕಾಣುತ್ತದೆ. ಮೊದಲು ಸಿಗುವ ಕಪ್ಪು ಭಾಗ ಹೆಚ್ಚಾಗಿ ಮೂತ್ರಕೋಶ. ಅದನ್ನೇ ಗಬ್ಬ ಎಂದುಕೊಳ್ಳುವುದು ಹೊಸಬರಿಗೆ ಸಾಮಾನ್ಯ. ನಿಜವಾದ ಗಬ್ಬದಲ್ಲಿ ಆ ಕಪ್ಪು ನೀರಿನ ಅಂಚಿನಲ್ಲಿ, ತಾಯಿಯ ಗರ್ಭಕೋಶವೂ ಮರಿಯ ಮಾಸೂ ಕೂಡುವ ಗುಬುಟುಗಳು ಒಡೆದ ಬಳೆಚೂರುಗಳ ಹಾಗೆ ಬಾಗಿ ಕಾಣುತ್ತವೆ, ನಡುವೆ ಮರಿಯ ಎದೆಬಡಿತ ಮಿಣುಕುತ್ತದೆ. ಈ ಬಾಗಿದ ಗುರುತುಗಳೂ ಎದೆಬಡಿತವೂ ಕಾಣದೆ ಬರೀ ಕಪ್ಪು ಮಾತ್ರ ಇದ್ದರೆ ಗಬ್ಬ ಎಂದು ಬರೆಯಬಾರದು.

ಮೇಕೆ ಸಾಕುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಮೇಕೆಗಳಲ್ಲಿ ಸುಳ್ಳು ಗಬ್ಬ ಎಂಬುದೊಂದಿದೆ. ಗರ್ಭಕೋಶದಲ್ಲಿ ಮರಿಯಿಲ್ಲದೆ ನೀರು ಮಾತ್ರ ತುಂಬಿಕೊಳ್ಳುತ್ತದೆ, ಬೆದೆ ನಿಲ್ಲುತ್ತದೆ, ಹೊಟ್ಟೆ ಬೆಳೆಯುತ್ತದೆ, ಪ್ರೊಜೆಸ್ಟರೋನ್ ಪರೀಕ್ಷೆಯೂ ಗಬ್ಬ ಎಂದೇ ತೋರಿಸುತ್ತದೆ. ತಿಂಗಳುಗಟ್ಟಲೆ ಮೇವು ಹಾಕಿದ ಮೇಲೆ ಒಂದು ಬೆಳಿಗ್ಗೆ ಆ ನೀರೆಲ್ಲ ಹರಿದು ಹಟ್ಟಿಯ ನೆಲ ಒದ್ದೆಯಾಗುತ್ತದೆ, ಮರಿಯೂ ಇಲ್ಲ ಮಾಸೂ ಇಲ್ಲ. ಮೇಕೆ ಕಂದು ಹಾಕಿತು, ಮರಿಯನ್ನು ನಾಯಿ ಒಯ್ದಿರಬೇಕು ಎಂದು ಮನೆಯವರು ಊಹಿಸುತ್ತಾರೆ. ಸ್ಕ್ಯಾನಿನಲ್ಲಿ ಇದು ಮೊದಲೇ ತಿಳಿಯುತ್ತದೆ, ಪ್ರೋಸ್ಟಗ್ಲ್ಯಾಂಡಿನ್ ಚುಚ್ಚುಮದ್ದಿನಿಂದ ಗುಣವಾಗುತ್ತದೆ. ಆದರೆ ಅದೇ ಚುಚ್ಚುಮದ್ದು ಗಬ್ಬವಾದ ಮೇಕೆಗೆ ಯಾವ ತಿಂಗಳಲ್ಲಿ ಬಿದ್ದರೂ ಅದು ಕಂದು ಹಾಕುತ್ತದೆ, ಏಕೆಂದರೆ ಮೇಕೆಯ ಗಬ್ಬ ಕೊನೆಯವರೆಗೂ ಅಂಡಾಶಯದ ಹಾರ್ಮೋನಿನ ಮೇಲೆಯೇ ನಿಂತಿರುತ್ತದೆ. ಬೆದೆ ಬರಲೆಂದು ಪರೀಕ್ಷೆ ಮಾಡಿಸದೆ ಆ ಮದ್ದನ್ನು ಹಾಕಿಸುವುದು ಇದ್ದ ಮರಿಯನ್ನು ಕಳೆದುಕೊಳ್ಳುವ ದಾರಿ.

ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿಂಗಿನಲ್ಲಿ 35–40 ದಿನಗಳಿಂದಲೇ ಗಬ್ಬವನ್ನು ಗುರುತಿಸಬಹುದು. ಮರಿಗಳನ್ನು ಎಣಿಸಲು ಒಳ್ಳೆಯ ಕಾಲ 45ರಿಂದ 90 ದಿನ. ಅದಕ್ಕಿಂತ ಮೊದಲು ಎರಡನೆಯ ಮರಿ ಕಣ್ಣು ತಪ್ಪಬಹುದು. ಅದಾದ ಮೇಲೆ ಮರಿಗಳು ದೊಡ್ಡವಾಗಿ ಪರದೆಯಲ್ಲಿ ಒಂದರ ಭಾಗ ಮಾತ್ರ ಹಿಡಿಸುತ್ತದೆ, ಕಂಡ ತಲೆ ಯಾವ ಮರಿಯದೆಂದು ಹೇಳುವುದು ಕಷ್ಟವಾಗುತ್ತದೆ. ಇಡೀ ಮಂದೆಯನ್ನು ಒಂದೇ ದಿನ ಈ ಅವಧಿಯೊಳಗೆ ತರಬೇಕಾದರೆ ಟಗರು ವರ್ಷವಿಡೀ ಮಂದೆಯಲ್ಲಿ ಇರಬಾರದು. ಟಗರು ಸದಾ ಜೊತೆಯಲ್ಲೇ ಇರುವ ಮಂದೆಯಲ್ಲಿ ಸ್ಕ್ಯಾನ್ ಮಾಡಿದರೆ ಆ ದಿನ ಕೆಲವು ಕುರಿಗಳಿಗೆ 20 ದಿನ, ಕೆಲವಕ್ಕೆ 120 ದಿನ ಆಗಿರುತ್ತದೆ. ಇಪ್ಪತ್ತು ದಿನದ ಕುರಿ ಖಾಲಿ ಎಂದು ಬರೆಯಲ್ಪಡುತ್ತದೆ, ನೂರಿಪ್ಪತ್ತು ದಿನದ್ದರ ಎಣಿಕೆ ತಪ್ಪುತ್ತದೆ.

ಇದನ್ನು ಒಂದು ಮಂದೆಯ ಲೆಕ್ಕದಲ್ಲಿ ನೋಡೋಣ. ನಾರಿ ಸುವರ್ಣ ಅಥವಾ ಅದರ ಮಿಶ್ರತಳಿಯ, 30 ಕೆ.ಜಿ. ಆಸುಪಾಸಿನ 40 ಕುರಿಗಳಿವೆ ಎಂದುಕೊಳ್ಳಿ. ಜುಲೈ 1ರಂದು ಟಗರು ಬಿಟ್ಟು ಆಗಸ್ಟ್ 4ರಂದು ಹೊರತೆಗೆಯಲಾಯಿತು. ಎರಡು ಬೆದೆಗೆ ಅಷ್ಟು ಸಾಕು. ಟಗರಿನ ಎದೆಗೆ ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಎರಡು–ಮೂರು ದಿನಕ್ಕೊಮ್ಮೆ ಹಚ್ಚುತ್ತಾ ಬಂದರೆ ಅದು ಹಾರಿದ ಕುರಿಯ ಬೆನ್ನ ತುದಿಯಲ್ಲಿ ಬಣ್ಣ ಹತ್ತುತ್ತದೆ. ಜುಲೈ 18ಕ್ಕೆ ಬಣ್ಣವನ್ನು ಬದಲಿಸಿ ಕಪ್ಪು ಮಾಡಿದರೆ, ಕೆಂಪು ಮಾತ್ರ ಹತ್ತಿದ ಕುರಿಗಳು ಮೊದಲ ತಂಡ, ಕಪ್ಪು ಹತ್ತಿದವು ಎರಡನೆಯ ತಂಡ. ದಿನಾಂಕವನ್ನು ಕಿವಿಯೋಲೆಯ ಸಂಖ್ಯೆಯ ಜೊತೆ ಪುಸ್ತಕದಲ್ಲಿ ಬರೆದಿಡಬೇಕು, ಬಣ್ಣ ಒಂದೆರಡು ಮಳೆಗೆ ಹೋಗಿಬಿಡುತ್ತದೆ. ಸೆಪ್ಟೆಂಬರ್ 18ರಂದು ಸ್ಕ್ಯಾನ್ ಮಾಡಿಸಿದರೆ ಮೊದಲ ದಿನವೇ ಗಬ್ಬ ನಿಂತ ಕುರಿಗೆ 79 ದಿನ, ಕೊನೆಯ ದಿನ ನಿಂತದ್ದಕ್ಕೆ 45 ದಿನ. ಎಲ್ಲವೂ ಎಣಿಸುವ ಅವಧಿಯೊಳಗೇ ಬಂದವು. ಕುರಿಯ ಗಬ್ಬದ ಕಾಲ ಸರಾಸರಿ 147 ದಿನ, ಮೇಕೆಯದು 150. ಹಾಗಾಗಿ ಮೊದಲ ತಂಡ ಈಯುವುದು ನವೆಂಬರ್ 25ರಿಂದ, ಎರಡನೆಯದು ಡಿಸೆಂಬರ್ 12ರಿಂದ. ತಿಂಗಳಾಂತ್ಯದ ಹೊತ್ತಿಗೆ ಎಲ್ಲ ಮುಗಿಯಬೇಕು.

ಸ್ಕ್ಯಾನಿನಲ್ಲಿ 5 ಖಾಲಿ, 23 ಒಂಟಿ, 12 ಅವಳಿ ಎಂದು ಬಂತು ಎನ್ನಿ. ಕೊನೆಯ ತಿಂಗಳಲ್ಲಿ ಎಲ್ಲ 40 ಕುರಿಗೂ ಸಮನಾಗಿ ದಿನಕ್ಕೆ 250 ಗ್ರಾಂ ಕೈತಿಂಡಿ ಹಾಕಿದರೆ ಮೂವತ್ತು ದಿನಕ್ಕೆ 300 ಕೆ.ಜಿ. ಬೇಕು. ಅದರ ಬದಲು ಖಾಲಿಯವಕ್ಕೆ ಹಾಕದೆ, ಒಂಟಿಯವಕ್ಕೆ ಸರಾಸರಿ 200 ಗ್ರಾಂ, ಅವಳಿಯವಕ್ಕೆ ಸರಾಸರಿ 400 ಗ್ರಾಂ ಹಾಕಿದರೆ ಆಗುವ ಖರ್ಚು 138 ಮತ್ತು 144, ಒಟ್ಟು 282 ಕೆ.ಜಿ. ಹಿಂಡಿಯ ಅಂಗಡಿಗೆ ಕೊಡುವ ಹಣ ಹೆಚ್ಚೇನೂ ಬದಲಾಗಲಿಲ್ಲ, ಸ್ವಲ್ಪ ಉಳಿಯಿತು ಕೂಡ. ಬದಲಾದದ್ದು ಅದು ಯಾರ ಬಾಯಿಗೆ ಹೋಯಿತು ಎಂಬುದು.

ಕೊನೆಯ ತಿಂಗಳಿಗೇ ಇಷ್ಟು ಒತ್ತೇಕೆ ಎಂದರೆ, ಹುಟ್ಟುವ ಮರಿಯ ತೂಕದಲ್ಲಿ ನೂರಕ್ಕೆ ಸುಮಾರು 70 ಭಾಗ ಬೆಳೆಯುವುದು ಗಬ್ಬದ ಕೊನೆಯ ಆರು ವಾರಗಳಲ್ಲಿ. ಕೆಚ್ಚಲು ಕಟ್ಟುವುದು, ಗಿಣ್ಣದ ಹಾಲು ಕೂಡುವುದು, ಹುಟ್ಟಿದ ಮರಿ ಚಳಿ ತಡೆಯಲು ಬೇಕಾದ ಕೊಬ್ಬು ಸೇರುವುದು ಎಲ್ಲವೂ ಇದೇ ಕಾಲದಲ್ಲಿ. ಅವಳಿ ಹೊತ್ತ ಕುರಿಗೆ ಕೊನೆಯ ವಾರಗಳಲ್ಲಿ ಗಬ್ಬವಿಲ್ಲದ ಕುರಿಗಿಂತ ಹೆಚ್ಚುಕಡಿಮೆ ಎರಡರಷ್ಟು ಶಕ್ತಿ ಬೇಕಾಗುತ್ತದೆ. ಆದರೆ ಅದೇ ವಾರಗಳಲ್ಲಿ ಎರಡು ಮರಿಗಳೂ ಅವುಗಳ ನೀರೂ ಸೇರಿ ಹೊಟ್ಟೆಯ ಜಾಗವನ್ನು ಆಕ್ರಮಿಸುವುದರಿಂದ ಒಣಹುಲ್ಲು ತುಂಬಿಕೊಳ್ಳಲು ಎಡೆಯಿಲ್ಲ. ಬೇಕಾದದ್ದು ಹೆಚ್ಚಿತು, ತಿನ್ನಬಹುದಾದದ್ದು ಕಡಿಮೆಯಾಯಿತು. ಕಡಿಮೆ ಗಾತ್ರದಲ್ಲಿ ಹೆಚ್ಚು ಶಕ್ತಿ ಕೊಡುವ ಕೈತಿಂಡಿ ಇಲ್ಲಿ ಅನಿವಾರ್ಯವಾಗುವುದು ಈ ಕಾರಣಕ್ಕೆ. ಬರೀ ರಾಗಿಹುಲ್ಲನ್ನು ಎಷ್ಟು ಹಾಕಿದರೂ ಆ ಕುರಿ ತನಗೆ ಬೇಕಾದಷ್ಟನ್ನು ತಿಂದು ಮುಗಿಸಲಾರದು.

ಇನ್ನು ಹಾಕುವ ಕ್ರಮ. ನೂರು ಕೆ.ಜಿ. ಮಿಶ್ರಣಕ್ಕೆ ಮುಸುಕಿನ ಜೋಳದ ನುಚ್ಚು 50, ಶೇಂಗಾ ಹಿಂಡಿ 20, ಗೋಧಿ ಬೂಸಾ 27, ಖನಿಜ ಮಿಶ್ರಣ 2, ಉಪ್ಪು 1 ಕೆ.ಜಿ. ಸೇರಿಸಿದರೆ ಅದರಲ್ಲಿ 16–17 ಭಾಗ ಸಸಾರಜನಕ ಇರುತ್ತದೆ. ಬೂಷ್ಟು ಹಿಡಿದ ಹಿಂಡಿಯನ್ನು ಅಗ್ಗವೆಂದು ತರಬೇಡಿ. ಜೋಳದ ಬದಲು ರಾಗಿಯ ನುಚ್ಚೂ ಆದೀತು. ಮೊದಲ ತಂಡದ ಅವಳಿ ಕುರಿಗಳಿಗೆ ಈಯುವ ಆರು ವಾರ ಮೊದಲು, ಅಂದರೆ ಅಕ್ಟೋಬರ್ 14ರಿಂದ, ದಿನಕ್ಕೆ 150 ಗ್ರಾಂನಿಂದ ಶುರುಮಾಡಿ ನಾಲ್ಕು ದಿನಕ್ಕೊಮ್ಮೆ 50 ಗ್ರಾಂ ಏರಿಸುತ್ತಾ ಹೋದರೆ ನವೆಂಬರ್ 7ಕ್ಕೆ 450 ಗ್ರಾಂ ಮುಟ್ಟುತ್ತದೆ. ಅಲ್ಲಿಗೆ ನಿಲ್ಲಿಸಿ, ಬೆಳಿಗ್ಗೆ–ಸಂಜೆ ಎರಡು ಹೊತ್ತಿಗೆ ಹಂಚಬೇಕು. ಎರಡನೆಯ ತಂಡಕ್ಕೆ ಇದೇ ಕ್ರಮ ಅಕ್ಟೋಬರ್ 31ರಿಂದ. ಒಂಟಿ ಮರಿಯವಕ್ಕೆ ನಾಲ್ಕು ವಾರ ಮೊದಲು 100 ಗ್ರಾಂನಿಂದ ಆರಂಭಿಸಿ ಬೇಗನೆ 200–250ಕ್ಕೆ ತಂದರೆ ಸಾಕು. ಇದರ ಜೊತೆಗೆ ಅವಳಿ ಕುರಿಗೆ ಎರಡು ಕೆ.ಜಿ. ಹಸಿಮೇವು, ಅದರಲ್ಲಿ ಒಂದು ಪಾಲು ಕುದುರೆ ಮೆಂತೆ, ಅಲಸಂದೆ ಅಥವಾ ಅಗಸೆ ಸೊಪ್ಪು, ಮತ್ತು 200 ಗ್ರಾಂನಷ್ಟು ಶೇಂಗಾ ಹೊಟ್ಟು ಕೊಟ್ಟರೆ, ನೀರಿನಂಶ ಕಳೆದು ದಿನಕ್ಕೆ ಒಂದು ಕೆ.ಜಿ.ಯಷ್ಟು ಮೇವು ಒಳಗೆ ಹೋಗುತ್ತದೆ. 30 ಕೆ.ಜಿ. ತೂಕದ ಗಬ್ಬದ ಕುರಿ ತಿನ್ನಬಲ್ಲದ್ದು ಹೆಚ್ಚುಕಡಿಮೆ ಅಷ್ಟೇ. ನಮ್ಮಲ್ಲಿ ಅಕ್ಟೋಬರ್–ನವೆಂಬರಿನಲ್ಲಿ ಶೇಂಗಾ ಕೀಳುವ ಕಾಲವಾದ್ದರಿಂದ ಹೊಟ್ಟು ಸಿಗುವುದೂ ಆಗಲೇ.

ಏರಿಕೆ ಮೆಲ್ಲಗಿರಬೇಕೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಂದೇ ದಿನ ಅರ್ಧ ಕೆ.ಜಿ. ಜೋಳದ ನುಚ್ಚು ಹಾಕಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಕುರಿ ಮೇವು ಬಿಡುತ್ತದೆ, ಬೇಧಿಯಾಗುತ್ತದೆ. ಗಬ್ಬದ ಕೊನೆಯಲ್ಲಿ ಎರಡು ದಿನ ಮೇವು ಬಿಡುವುದೆಂದರೆ ಮುಂದೆ ಹೇಳಲಿರುವ ಗರ್ಭನಂಜಿಗೆ ಬಾಗಿಲು ತೆರೆದಂತೆ. ಗೋದಲಿಯ ಉದ್ದವೂ ಮುಖ್ಯ. ಒಂದೊಂದು ಕುರಿಗೂ ಒಂದೂವರೆ ಅಡಿ ಜಾಗವಿಲ್ಲದಿದ್ದರೆ ಬಲವಾದವು ತಮ್ಮ ಪಾಲಿನ ಜೊತೆ ಪಕ್ಕದ್ದರ ಪಾಲನ್ನೂ ತಿನ್ನುತ್ತವೆ, ಕಾಗದದ ಮೇಲಿನ 450 ಗ್ರಾಂ ಕಾಗದದ ಮೇಲೆಯೇ ಉಳಿಯುತ್ತದೆ.

ಉಪನ್ಯಾಸದ ನಡುವೆ ಹಿರಿಯರೊಬ್ಬರು ಎದ್ದು ಕೇಳಿದ ಪ್ರಶ್ನೆ ಹೀಗಿತ್ತು: “ಕೊನೇ ತಿಂಗಳಲ್ಲಿ ಜಾಸ್ತಿ ತಿನ್ನಿಸಿದ್ರೆ ಮರಿ ದಪ್ಪ ಆಗಿ ಹೆರಿಗೆ ಕಷ್ಟ ಆಗ್ತದೆ ಅಂತ ನಮ್ಮಪ್ಪ ಹೇಳ್ತಿದ್ರು ಸ್ವಾಮಿ, ಅದು ಸುಳ್ಳಾ?” ಅದು ಸುಳ್ಳಲ್ಲ. ಒಂಟಿ ಮರಿ ಹೊತ್ತ, ಮೊದಲೇ ಮೈದುಂಬಿದ ಕುರಿಗೆ ವಿಪರೀತ ಕೈತಿಂಡಿ ಹಾಕಿದರೆ ಮರಿ ದೊಡ್ಡದಾಗಿ ಸಿಕ್ಕಿಕೊಳ್ಳಬಹುದು, ಮತ್ತು ಅವರ ತಂದೆಯ ಕಾಲದ ಮಂದೆಯಲ್ಲಿ ಇದ್ದದ್ದು ಒಂಟಿ ಮರಿಗಳೇ. ಅದೇ ಮಾತನ್ನು ಅವಳಿ ಕುರಿಗೆ ಅನ್ವಯಿಸಿದಾಗ ಮಾತ್ರ ಅದು ತಪ್ಪಾಗುತ್ತದೆ. ಅವಳಿಯಲ್ಲಿ ಮೇವು ಕಡಿಮೆಯಾದರೆ ಹುಟ್ಟುವುದು ಒಂದೂವರೆ ಕೆ.ಜಿ.ಗೂ ಕಡಿಮೆ ತೂಗುವ, ಎದ್ದು ಮೊಲೆ ಹಿಡಿಯಲಾರದ ಎರಡು ಮರಿಗಳು, ಮತ್ತು ತಾಯಿಯ ಕೆಚ್ಚಲಿನಲ್ಲಿ ಗಿಣ್ಣವೂ ಇರುವುದಿಲ್ಲ.

ಆದ್ದರಿಂದ ಮರಿಯ ಸಂಖ್ಯೆಯ ಜೊತೆ ತಾಯಿಯ ಮೈಕಟ್ಟನ್ನೂ ನೋಡಬೇಕು, ಅದಕ್ಕೆ ಯಂತ್ರ ಬೇಕಿಲ್ಲ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ ಬೆನ್ನುಮೂಳೆಗೆ ಹೆಬ್ಬೆರಳಿಟ್ಟು, ಉಳಿದ ಬೆರಳುಗಳ ತುದಿಯನ್ನು ಪಕ್ಕದ ಚಿಕ್ಕ ಮೂಳೆಗಳ ಕೆಳಗೆ ತೂರಿಸಿ ಒತ್ತಿ ನೋಡಿ. ಮೂಳೆಯ ತುದಿಗಳು ಚೂಪಾಗಿ, ಬೆರಳು ಸಲೀಸಾಗಿ ಅಡಿಗೆ ಹೋದರೆ ಕುರಿ ಸೊರಗಿದೆ. ಮೂಳೆ ತಿಳಿಯುತ್ತದೆ, ಆದರೆ ತುದಿ ಮೊಂಡಾಗಿದೆ, ಸ್ವಲ್ಪ ಒತ್ತಿದರಷ್ಟೇ ಬೆರಳು ಹೋಗುತ್ತದೆ ಎಂದಾದರೆ ಸರಿಯಾಗಿದೆ. ಎಷ್ಟು ಒತ್ತಿದರೂ ಮೂಳೆಯೇ ಸಿಗದಿದ್ದರೆ ಕೊಬ್ಬು ಹೆಚ್ಚಾಗಿದೆ. ಉಣ್ಣೆ ಮೈದುಂಬಿದಂತೆ ತೋರಿಸಿ ಮೋಸ ಮಾಡುವುದರಿಂದ ಡೆಕ್ಕನಿಯಂಥ ಕುರಿಗಳನ್ನು ಕಣ್ಣಳತೆಯಲ್ಲಿ ಅಂದಾಜು ಮಾಡಬಾರದು. ಇದನ್ನು ಮೂರೂವರೆ ತಿಂಗಳ ಹೊತ್ತಿಗೆ ನೋಡಿದರೆ ಸರಿಪಡಿಸಲು ಸಮಯವಿರುತ್ತದೆ. ಸೊರಗಿದ ಅವಳಿ ಕುರಿಗೆ ಕೈತಿಂಡಿಯನ್ನು ಒಂದು ವಾರ ಮೊದಲೇ ಶುರುಮಾಡಬೇಕು. ಕೊಬ್ಬಿದ ಕುರಿಯನ್ನು ಕೊನೆಯ ತಿಂಗಳಲ್ಲಿ ಉಪವಾಸ ಕೆಡವಿ ತೆಳ್ಳಗೆ ಮಾಡಲು ಹೋಗಬಾರದು.

ಏಕೆಂದರೆ ಗರ್ಭನಂಜು ಬರುವುದು ಈ ಎರಡೂ ತುದಿಗಳಲ್ಲಿ. ಮರಿಗಳು ತಾಯಿಯ ರಕ್ತದಿಂದ ಗ್ಲೂಕೋಸನ್ನು ಎಳೆದುಕೊಳ್ಳುತ್ತಲೇ ಇರುತ್ತವೆ. ತಾಯಿ ತಿಂದದ್ದು ಸಾಲದಾದಾಗ ಮೈಯ ಕೊಬ್ಬು ಕರಗತೊಡಗುತ್ತದೆ, ಅದು ಪೂರ್ತಿ ಉರಿಯದೆ ಕೀಟೋನ್ ಎಂಬ ವಸ್ತುಗಳಾಗಿ ರಕ್ತದಲ್ಲಿ ಸೇರುತ್ತದೆ, ಕೀಟೋನ್ ಹೆಚ್ಚಿದಂತೆ ಹಸಿವು ಇಂಗುತ್ತದೆ, ಹಸಿವಿಲ್ಲದ್ದರಿಂದ ಕೊಬ್ಬು ಇನ್ನಷ್ಟು ಕರಗುತ್ತದೆ. ಕೊಬ್ಬಿದ ಕುರಿಯಲ್ಲಿ ಕರಗಲು ಕೊಬ್ಬು ಬೇಕಾದಷ್ಟಿರುತ್ತದೆ, ಮತ್ತು ಹೊಟ್ಟೆಯೊಳಗಿನ ಕೊಬ್ಬು ಮೇವಿನ ಜಾಗವನ್ನೂ ತಿಂದಿರುತ್ತದೆ. ಮೊದಲ ಲಕ್ಷಣ ಸಣ್ಣದು: ಕೈತಿಂಡಿ ಸುರಿದ ಸದ್ದಿಗೆ ಎಲ್ಲವೂ ಓಡಿ ಬಂದಾಗ ಒಂದು ಕುರಿ ಹಿಂದೆಯೇ ನಿಂತಿರುತ್ತದೆ. ಹುಲ್ಲು ಕಡಿಯುತ್ತದೆ, ಕಾಳು ಬಿಡುತ್ತದೆ. ಒಂದೆರಡು ದಿನದಲ್ಲಿ ಹಲ್ಲು ಮಸೆಯುವುದು, ಕಣ್ಣು ಕಾಣದಂತೆ ಗೋಡೆಗೆ ತಲೆಯಾನಿಸಿ ನಿಲ್ಲುವುದು, ಕತ್ತು ಮೇಲೆತ್ತಿ ನಡುಗುವುದು ಕಾಣಿಸಿ, ಆಮೇಲೆ ಕುರಿ ನೆಲ ಹಿಡಿಯುತ್ತದೆ. ಹಿಂದೆ ನಿಂತ ದಿನವೇ ಮೂತ್ರವನ್ನು ಕೀಟೋನ್ ಪಟ್ಟಿಯಲ್ಲಿ ನೋಡಿದರೆ ವಿಷಯ ಗೊತ್ತಾಗುತ್ತದೆ; ಮೂತ್ರ ಬೇಕಾದಾಗ ಕುರಿಯ ಮೂಗನ್ನು ಕೆಲವೇ ಕ್ಷಣ ಮುಚ್ಚಿ ಹಿಡಿದರೆ ಸಾಮಾನ್ಯವಾಗಿ ಹೊಯ್ಯುತ್ತದೆ, ಆದರೆ ಈಗಾಗಲೇ ನಿತ್ರಾಣವಾದದ್ದಕ್ಕೆ ಹಾಗೆ ಮಾಡಬೇಡಿ. ಇದೇ ಕಾಲದಲ್ಲಿ ಸುಣ್ಣದಂಶದ ಕೊರತೆಯಿಂದಲೂ ಕುರಿ–ಮೇಕೆ ಬೀಳಬಹುದು. ಅದು ಗಂಟೆಗಳಲ್ಲಿ ಬರುತ್ತದೆ, ಕ್ಯಾಲ್ಸಿಯಂ ಹಾಕಿದರೆ ಬೇಗ ಏಳುತ್ತದೆ. ಗರ್ಭನಂಜು ದಿನಗಳಲ್ಲಿ ಬರುತ್ತದೆ, ಅಷ್ಟು ಸುಲಭವಾಗಿ ಏಳುವುದಿಲ್ಲ.

ಇನ್ನೂ ಎದ್ದು ಓಡಾಡುವ ಕುರಿಗೆ ಪ್ರೊಪಿಲೀನ್ ಗ್ಲೈಕಾಲನ್ನು 60 ಮಿ.ಲೀ.ನಂತೆ ದಿನಕ್ಕೆ ಎರಡು ಹೊತ್ತು ಮೆಲ್ಲಗೆ ಕುಡಿಸುತ್ತಾ, ಇಷ್ಟಪಡುವ ಹಸಿಸೊಪ್ಪನ್ನು ಮುಂದಿಡುತ್ತಾ, ವೈದ್ಯರಿಂದ ಗ್ಲೂಕೋಸ್ ಮತ್ತು ಕ್ಯಾಲ್ಸಿಯಂ ಕೊಡಿಸಿದರೆ ಚೇತರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ನೆಲ ಹಿಡಿದದ್ದಕ್ಕೆ ಔಷಧಕ್ಕಿಂತ ಮರಿಗಳು ಹೊರಬರುವುದೇ ಪರಿಹಾರ, ಏಕೆಂದರೆ ಗ್ಲೂಕೋಸನ್ನು ಎಳೆಯುತ್ತಿರುವವು ಅವೇ. ಆಗ ವೈದ್ಯರು ಮೊದಲು ಕೇಳುವುದು ಎಷ್ಟು ದಿನದ ಗಬ್ಬ ಎಂದು. 140 ದಿನ ದಾಟಿದ್ದರೆ ಚುಚ್ಚುಮದ್ದಿನಿಂದ ಹೆರಿಗೆ ಬರಿಸಿ ಅಥವಾ ಶಸ್ತ್ರಕ್ರಿಯೆ ಮಾಡಿ ತಾಯಿಯನ್ನೂ ಮರಿಗಳನ್ನೂ ಉಳಿಸಲು ಯತ್ನಿಸಬಹುದು. 125 ದಿನವಾಗಿದ್ದರೆ ಮರಿಗಳು ಬದುಕುವುದಿಲ್ಲ, ತಾಯಿಯೊಂದನ್ನೇ ಉಳಿಸಬೇಕೆಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಕಿವಿಯೋಲೆಯ ಸಂಖ್ಯೆಯ ಎದುರು ಕೆಂಪು ಅಥವಾ ಕಪ್ಪು ಎಂದೂ, ಒಂಟಿ ಅಥವಾ ಅವಳಿ ಎಂದೂ ಬರೆದಿಟ್ಟ ಪುಸ್ತಕವಿದ್ದರೆ ಆ ಪ್ರಶ್ನೆಗೆ ಎರಡೂವರೆ ವಾರದ ಒಳಗಿನ ವ್ಯತ್ಯಾಸದಲ್ಲಿ ಉತ್ತರ ಹೇಳಬಹುದು. ಇಲ್ಲದಿದ್ದರೆ ಕೆಚ್ಚಲಿನ ಬಿಗುಪು ನೋಡಿ ಊಹಿಸಬೇಕು, ಮೇವು ಬಿಟ್ಟು ಸೊರಗಿದ ಕುರಿಯಲ್ಲಿ ಕೆಚ್ಚಲು ಸರಿಯಾಗಿ ಕಟ್ಟುವುದೇ ಇಲ್ಲ.